ಕಾಲಿನ ನಾಳ ಉಬ್ಬಿದ್ರೆ, ಗಿಣ್ಣಿನ ಮೇಲಿನ ಚರ್ಮ ನೋಡಿ

ಈ ಸಲ ಮಾತಾಡ್ತಿರೋದು ಕೋಡ್ ಬಗ್ಗೆ ಅಲ್ಲ, ನನ್ನ ಎಡಗಾಲಿನ ಬಗ್ಗೆ. ನಾನು ಡಾಕ್ಟರ್ ಅಲ್ಲ. ಎಂಟೆಕ್ ಮುಗಿಸಿ ಪುಣೆಗೆ ಬಂದು, ಹಿಂಜೆವಾಡಿಯಲ್ಲಿ ಕೆಲಸ ಮಾಡ್ತಿರೋ ಸಾಫ್ಟ್‌ವೇರ್ ಎಂಜಿನಿಯರ್. ಆದ್ರೆ ಒಂದು ತಪ್ಪು ಮಾಡಿ ಕಲಿತಿದೀನಿ. ಅದೇ ತಪ್ಪನ್ನ ನಿಮ್ಮಲ್ಲಿ ಯಾರಾದ್ರೂ ಈಗ ಮಾಡ್ತಿರಬಹುದು ಅನ್ನೋ ಕಾರಣಕ್ಕೆ ಇದನ್ನ ಹೇಳ್ತಿದೀನಿ.

ನನಗೆ ಇಪ್ಪತ್ತೇಳು ವಯಸ್ಸಿದ್ದಾಗಲೇ ಎಡ ಮೀನಖಂಡದ ಒಳಬದಿಯಲ್ಲಿ ಹಸಿರು-ನೀಲಿ ಬಣ್ಣದ ನಾಳಗಳು ಹಗ್ಗದ ಹಾಗೆ ಸುತ್ತಿಕೊಂಡು ಎದ್ದು ಕಾಣ್ತಿದ್ವು. ನೋವಿರಲಿಲ್ಲ, ಹಾಗಾಗಿ ಸುಮ್ಮನಿದ್ದೆ. ಆಮೇಲೆ ಮನೆಯಿಂದ ಕೆಲಸ ಶುರುವಾಯ್ತು, ಬೆನ್ನು ನೋವು ಬಂತು. ನಿಂತು ಕೆಲಸ ಮಾಡೋ ಎತ್ತರದ ಮೇಜು ತಗೊಂಡೆ. ದಿನಕ್ಕೆ ಆರು ಗಂಟೆ ಅಲ್ಲಾಡದೆ ನಿಂತಿರ್ತಿದ್ದೆ. ಬೆನ್ನು ಸರಿಹೋಯ್ತು. ಕಾಲು ಮಾತ್ರ ಸಂಜೆ ಆರಾದ್ರೆ ಒದ್ದೆ ಗೋಣಿಚೀಲ ಕಟ್ಟಿದ ಹಾಗೆ ಭಾರ. ಸಾಕ್ಸ್ ತೆಗೆದ್ರೆ ಆಳವಾದ ಗುರುತು. ಬೆಳಿಗ್ಗೆ ಎದ್ದಾಗ ಏನೂ ಇರ್ತಿರಲಿಲ್ಲ, ಹಾಗಾಗಿ ಮತ್ತೆ ಮರೆತುಬಿಡ್ತಿದ್ದೆ.

ಒಂದು ದಿನ ಗಿಣ್ಣಿನ ಒಳಬದಿಯಲ್ಲಿ, ಮೂಳೆಯಿಂದ ನಾಲ್ಕು ಬೆರಳು ಮೇಲೆ, ಕೆರೆತ ಶುರುವಾಯ್ತು. ಅಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಕಂದು ಕಲೆ. ಹುಳುಕಡ್ಡಿ ಅಂದ್ಕೊಂಡು ಮೆಡಿಕಲ್ ಶಾಪ್‌ನಲ್ಲಿ ಕೇಳಿ ಒಂದು ಮುಲಾಮು ತಂದೆ. ಹಚ್ಚಿದ್ರೆ ಎರಡು ದಿನ ಆರಾಮ, ಬಿಟ್ರೆ ಮತ್ತೆ ಕೆರೆತ. ಹೀಗೇ ಮೂರು ತಿಂಗಳು ಹಚ್ಚಿದೆ. ಕಲೆ ದೊಡ್ಡದಾಯ್ತು, ಅಲ್ಲಿನ ಚರ್ಮ ತೆಳ್ಳಗಾಗಿ ಹೊಳೀತಿತ್ತು.

ದೀಪಾವಳಿಗೆ ದಾವಣಗೆರೆಯಿಂದ ಅಮ್ಮ ಬಂದಿದ್ರು. ಎಣ್ಣೆಸ್ನಾನದ ದಿನ ನನ್ನ ಕಾಲು ಕಣ್ಣಿಗೆ ಬಿತ್ತು. ಹತ್ರ ಬಂದು ಬಗ್ಗಿ ನೋಡಿ, “ಇದು ಹುಳುಕಡ್ಡಿ ಅಲ್ಲ ಕಣೋ. ನನ್ನ ಹುಣ್ಣೂ ಹಿಂಗೇ ಶುರುವಾಗಿದ್ದು” ಅಂದ್ರು.

ಅಮ್ಮ ಮೂವತ್ತು ವರ್ಷ ಪ್ರೈಮರಿ ಸ್ಕೂಲ್ ಟೀಚರ್. ದಿನವಿಡೀ ನಿಂತೇ ಪಾಠ. ನಾನು ಪಿಯುಸಿಯಲ್ಲಿದ್ದಾಗ ಅವರ ಕಾಲಲ್ಲಿ ಒಂದು ಹುಣ್ಣಾಗಿ ಎಂಟು ತಿಂಗಳು ಮಾಗಿರಲಿಲ್ಲ. ಅದು ಸಕ್ಕರೆ ಕಾಯಿಲೆ ಹುಣ್ಣು ಅಂತ ನಾನು ಇಷ್ಟು ವರ್ಷ ನಂಬಿದ್ದೆ. ಅಮ್ಮನಿಗೆ ಸಕ್ಕರೆ ಕಾಯಿಲೆಯೇ ಇಲ್ಲ!

ಮೊದಲು ಯಾವ ಡಾಕ್ಟರ್?

ನಮ್ಮ ಕಡೆ ಇದನ್ನ “ನರ ಉಬ್ಬಿದೆ” ಅಂತೀವಿ. ಆ ಮಾತು ಕೇಳಿ ಎಷ್ಟೋ ಜನ ನರರೋಗ ತಜ್ಞರ ಹತ್ರ ಹೋಗಿ ಟೈಮ್ ಕಳೀತಾರೆ. ಉಬ್ಬಿರೋದು ನರ ಅಲ್ಲ, ರಕ್ತನಾಳ. ಕೆಟ್ಟ ರಕ್ತವನ್ನ ಹೃದಯಕ್ಕೆ ವಾಪಸ್ ಒಯ್ಯೋ ನಾಳ. ಇದಕ್ಕೆ ನೋಡಬೇಕಾದವರು ವ್ಯಾಸ್ಕ್ಯುಲರ್ ಸರ್ಜನ್. ಅವರಿಲ್ಲದ ಊರಲ್ಲಿ ಜನರಲ್ ಸರ್ಜನ್.

ಬಾವಿಯ ಫುಟ್‌ವಾಲ್ವ್

ಕಾಲಲ್ಲಿ ಏನಾಗ್ತಿದೆ ಅಂತ ಸರ್ಜನ್ ವಿವರಿಸಿದಾಗ ನನಗೆ ನೆನಪಾಗಿದ್ದು ನಮ್ಮ ತೋಟದ ಬಾವಿ. ಪಂಪ್‌ಸೆಟ್ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತಲ್ಲ, ನೀರು ಮೇಲೆ ಹೋಗಬಹುದು, ಕೆಳಗೆ ಇಳಿಯೋ ಹಾಗಿಲ್ಲ. ಅದು ಸೋರಿದ್ರೆ ಪೈಪಲ್ಲಿದ್ದ ನೀರೆಲ್ಲ ಬಾವಿಗೆ ಜಾರುತ್ತೆ.

ಕಾಲಿನ ನಾಳಗಳಲ್ಲಿ ಅಂಥ ಸಣ್ಣ ವಾಲ್ವ್‌ಗಳು ಸಾಲಾಗಿ ಇವೆ. ಪಂಪ್ ಕೆಲಸ ಮಾಡೋದು ಮೀನಖಂಡದ ಸ್ನಾಯು. ನಡೆದಾಗ ಅದು ಹಿಂಡಿ ರಕ್ತವನ್ನ ಮೇಲೆ ತಳ್ಳುತ್ತೆ. ಸುಮ್ಮನೆ ನಿಂತಾಗ ಗಿಣ್ಣಿನ ಹತ್ರ ನಾಳದೊಳಗಿನ ಒತ್ತಡ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸ ಇರುತ್ತೆ. ವಾಲ್ವ್ ಸರಿ ಇದ್ದವರು ಸ್ವಲ್ಪ ನಡೆದ್ರೆ ಅದು 30ಕ್ಕಿಂತ ಕೆಳಗೆ ಇಳಿಯುತ್ತೆ. ವಾಲ್ವ್ ಸೋರಿದ್ರೆ, ತಳ್ಳಿದ ರಕ್ತ ಮತ್ತೆ ಕೆಳಗೆ ಜಾರುತ್ತೆ, ಒತ್ತಡ ಇಳಿಯೋದೇ ಇಲ್ಲ. ನಾಳ ಹಿಗ್ಗಿ ಸುತ್ತಿಕೊಳ್ಳುತ್ತೆ. ನಾನು ಮಾಡಿದ್ದೇನು? ವಾಲ್ವ್ ಸೋರ್ತಿರೋ ಕಾಲನ್ನ ಪಂಪ್ ಆಫ್ ಮಾಡಿ ಆರು ಗಂಟೆ ನಿಲ್ಲಿಸಿದ್ದು. ಸಂಜೆಯ ಭಾರ ಬಂದಿದ್ದು ಅಲ್ಲಿಂದ. ರಾತ್ರಿ ಮಲಗಿದಾಗ ಕಾಲು ಮತ್ತು ಹೃದಯ ಒಂದೇ ಮಟ್ಟಕ್ಕೆ ಬರುತ್ತೆ, ಅದಕ್ಕೇ ಬೆಳಿಗ್ಗೆ ಆರಾಮ.

ಚರ್ಮಕ್ಕೆ ಯಾಕೆ ಬಣ್ಣ ಬರುತ್ತೆ?

ಒತ್ತಡ ವರ್ಷಗಟ್ಟಲೆ ಹಾಗೇ ಇದ್ರೆ ಅತಿ ಸಣ್ಣ ನಾಳಗಳಿಂದ ನೀರಿನ ಜೊತೆ ಕೆಂಪು ರಕ್ತಕಣಗಳೂ ಚರ್ಮದೊಳಗೆ ಸೋರ್ತವೆ. ಕಣ ಒಡೆದು ಅದರಲ್ಲಿದ್ದ ಕಬ್ಬಿಣದ ಅಂಶ ಅಲ್ಲೇ ಉಳಿಯುತ್ತೆ. ಕಂದು ಬಣ್ಣ ಬರೋದು ಇದರಿಂದ. ಆ ಜಾಗದಲ್ಲಿ ಉರಿಯೂತ ಶುರುವಾಗಿ ಕೆರೆತ, ಹೊಟ್ಟು, ಇಸುಬು ಬರುತ್ತೆ. ಆಮೇಲೆ ಚರ್ಮದ ಕೆಳಗಿನ ಕೊಬ್ಬು ಗಟ್ಟಿಯಾಗಿ, ಮುಟ್ಟಿದ್ರೆ ಮರದ ಹಾಗೆ ಬಿಗಿಯಾಗುತ್ತೆ. ಕೆಲವರಿಗೆ ಗಿಣ್ಣಿನ ಮೇಲೆ ಕಾಲು ಸಣ್ಣಗಾಗಿ, ತಲೆಕೆಳಗಾಗಿ ಇಟ್ಟ ಬಾಟಲಿಯ ಆಕಾರ ಬರುತ್ತೆ. ಬಿಳಿಚಿಕೊಂಡ, ನುಣುಪಾದ ಗಾಯದ ಕಲೆಯಂಥ ಮಚ್ಚೆಗಳೂ ಕಾಣಬಹುದು. ಇಂಥ ಚರ್ಮಕ್ಕೆ ಮಂಚದ ಕಾಲು ತಾಗಿದ್ರೂ ಸಾಕು, ಗೀರು ಹುಣ್ಣಾಗುತ್ತೆ, ತಿಂಗಳುಗಟ್ಟಲೆ ಮಾಗಲ್ಲ.

ಡಾಕ್ಟರ್‌ಗಳು ಇದನ್ನ C0ಯಿಂದ C6ವರೆಗೆ ಮೆಟ್ಟಿಲು ಮಾಡಿದಾರೆ. ಉಬ್ಬಿದ ನಾಳ ಮಾತ್ರ ಇದ್ರೆ C2. ಊತ ಬಂದ್ರೆ C3. ಚರ್ಮ ಬದಲಾದ್ರೆ C4. ಮಾಗಿದ ಹುಣ್ಣು C5, ಹಸಿ ಹುಣ್ಣು C6. ನನ್ನ ಚೀಟಿಯಲ್ಲಿ C4 ಅಂತ ಬರೆದಿತ್ತು. ಅಂದ್ರೆ ಅಮ್ಮ ತಲುಪಿದ ಜಾಗದ ಹೊಸ್ತಿಲಲ್ಲೇ ನಾನು ಮೂರು ತಿಂಗಳು ಮುಲಾಮು ಹಚ್ಕೊಂಡು ಕೂತಿದ್ದೆ.

ನಾಳ ಎಷ್ಟು ದಪ್ಪ ಕಾಣುತ್ತೆ ಅನ್ನೋದರಿಂದ ಈ ಮೆಟ್ಟಿಲು ಗೊತ್ತಾಗಲ್ಲ. ದೊಡ್ಡ ನಾಳಗಳಿದ್ದೂ ಚರ್ಮ ಚೆನ್ನಾಗಿರೋರು ಇದಾರೆ. ನಾಳ ಅಷ್ಟೇನೂ ಕಾಣದೆ ಚರ್ಮ ಕೆಟ್ಟಿರೋರೂ ಇದಾರೆ. ಹುಳುಕಡ್ಡಿಗೆ ಸಾಮಾನ್ಯವಾಗಿ ಅಂಚು ಎದ್ದಿರೋ ಉಂಗುರ ಇರುತ್ತೆ, ನಡುಭಾಗ ತಿಳಿಯಾಗಿರುತ್ತೆ, ತೊಡೆಸಂದು, ಸೊಂಟ ಎಲ್ಲಿ ಬೇಕಾದ್ರೂ ಬರುತ್ತೆ. ನಾಳದಿಂದ ಬರೋ ಕಲೆ ಹೆಚ್ಚಾಗಿ ಗಿಣ್ಣಿನ ಒಳಬದಿಯ ಮೇಲ್ಗಡೆ, ಕಂದು ಬಣ್ಣ, ಜೊತೆಗೆ ಸಂಜೆ ಊತ. ನಾನು ಹಚ್ಚಿದ ಮುಲಾಮಿನಲ್ಲಿ ಸ್ಟೀರಾಯ್ಡ್ ಇತ್ತು. ಡಾಕ್ಟರ್ ಹೇಳಿದ ಕೆಲವು ದಿನ ಹಚ್ಚೋದು ಬೇರೆ, ಹೇಳೋರಿಲ್ಲದೆ ತಿಂಗಳುಗಟ್ಟಲೆ ಹಚ್ಚೋದು ಬೇರೆ. ಅದು ಕೆರೆತ ಅಡಗಿಸುತ್ತೆ, ಚರ್ಮವನ್ನ ಇನ್ನೂ ತೆಳ್ಳಗೆ ಮಾಡುತ್ತೆ, ವಾಲ್ವ್‌ಗೆ ಏನೂ ಮಾಡಲ್ಲ.

ಪರೀಕ್ಷೆ ಮತ್ತು ಚಿಕಿತ್ಸೆ

ಡಾಪ್ಲರ್ ಸ್ಕ್ಯಾನ್ ಮಾಡಿಸಿದ್ರು. ಇದನ್ನ ನಿಲ್ಲಿಸಿ ಮಾಡ್ತಾರೆ. ಬರೀ ಮಲಗಿಸಿ ಮಾಡಿದ್ರೆ ಸೋರಿಕೆ ಸರಿಯಾಗಿ ಸಿಗದೇ ಇರಬಹುದು. ಭಾರವನ್ನ ಬಲಗಾಲ ಮೇಲೆ ಹಾಕಿ ನಿಂತೆ. ಅವರು ಎಡ ಮೀನಖಂಡ ಹಿಂಡಿ ಬಿಟ್ರು. ಬಿಟ್ಟ ಮೇಲೆ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಳಗೆ ಹರಿದ್ರೆ ವಾಲ್ವ್ ಕೆಟ್ಟಿದೆ ಅಂತ ಲೆಕ್ಕ. ನನ್ನದು ಎರಡು ಸೆಕೆಂಡ್ ದಾಟಿತ್ತು. ಗಿಣ್ಣಿನಿಂದ ತೊಡೆಸಂದಿನವರೆಗೆ ಚರ್ಮಕ್ಕೆ ಹತ್ತಿರದಲ್ಲೇ ಹೋಗೋ ಉದ್ದದ ನಾಳ, ಗ್ರೇಟ್ ಸಫೀನಸ್, ಮೇಲಿನಿಂದಲೇ ಸೋರ್ತಿತ್ತು. ಆಳದ ನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ ಇಲ್ಲ ಅಂತಲೂ ನೋಡಿದ್ರು.

ಮೊದಲು ಒತ್ತಡದ ಸಾಕ್ಸ್ ಕೊಟ್ರು, ಮಂಡಿ ಕೆಳಗಿನವರೆಗಿನದ್ದು. ಅದಕ್ಕೂ ಮುಂಚೆ ಪಾದದ ನಾಡಿ ಮುಟ್ಟಿ ನೋಡಿದ್ರು. ಕಾಲಿಗೆ ರಕ್ತ ತರೋ ನಾಳವೇ ಕಟ್ಟಿಕೊಂಡಿದ್ರೆ ಬಿಗಿ ಸಾಕ್ಸ್ ಅಪಾಯ. ಸಕ್ಕರೆ ಕಾಯಿಲೆ ಇರೋರು, ಸಿಗರೇಟ್ ಸೇದೋರು ಇದನ್ನ ಆನ್‌ಲೈನಲ್ಲಿ ಸುಮ್ಮನೆ ತರಿಸಬೇಡಿ. ಅಳತೆಯನ್ನ ಬೆಳಿಗ್ಗೆ, ಊತ ಬರೋ ಮುಂಚೆ ತಗೋಬೇಕು. ಎದ್ದ ಕೂಡಲೇ ಹಾಕಿ ರಾತ್ರಿ ಮಲಗುವಾಗ ತೆಗೀಬೇಕು. ಮೇಲಂಚು ಮಡಚಬಾರದು, ಮಡಚಿದ್ರೆ ಅಲ್ಲೇ ದಾರ ಕಟ್ಟಿದ ಹಾಗೆ ಬಿಗಿಯುತ್ತೆ.

ಸಾಕ್ಸ್ ಹಾಕಿದ್ದಷ್ಟು ಹೊತ್ತು ಒತ್ತಡ ತಡೆಯುತ್ತೆ, ಆದ್ರೆ ವಾಲ್ವ್ ರಿಪೇರಿ ಆಗಲ್ಲ. ಚರ್ಮ ಬದಲಾಗಿದ್ದರಿಂದ ನಾಳ ಮುಚ್ಚಿಸೋದೇ ಒಳ್ಳೇದು ಅಂದ್ರು. ಸೋರೋ ನಾಳದೊಳಗೆ ಸಣ್ಣ ತಂತಿಯಂಥ ಕೊಳವೆ ಹಾಕಿ ಶಾಖದಿಂದ ಒಳಗಿನಿಂದಲೇ ಮುಚ್ಚೋದು. ತೊಡೆಯ ಉದ್ದಕ್ಕೂ ಮರಗಟ್ಟೋ ಇಂಜೆಕ್ಷನ್ ಕೊಟ್ರು, ನೋವು ಅನಿಸಿದ್ದು ಅಷ್ಟೇ. ಅದೇ ದಿನ ನಡೆದೇ ಮನೆಗೆ ಬಂದೆ. “ನಾಳ ಮುಚ್ಚಿದ್ರೆ ರಕ್ತ ಹೇಗೆ ಹೋಗುತ್ತೆ?” ಅಂತ ಕೇಳಿದ್ದೆ. ಕಾಲಿನ ರಕ್ತದ ಬಹುಪಾಲು ಆಳದ ನಾಳಗಳಲ್ಲೇ ವಾಪಸ್ ಹೋಗುತ್ತೆ, ಈ ನಾಳ ಒಯ್ಯೋದಕ್ಕಿಂತ ಕೆಳಗೆ ಸುರಿಯೋದೇ ಹೆಚ್ಚಾಗಿತ್ತು ಅಂದ್ರು.

ಕೆಲವು ವಾರಗಳಲ್ಲಿ ಸಂಜೆಯ ಭಾರ ಹೋಯ್ತು, ಕೆರೆತ ನಿಂತಿತು. ಕಂದು ಕಲೆ ತಿಳಿಯಾಗಿದೆ, ಆದ್ರೆ ಪೂರ್ತಿ ಹೋಗಿಲ್ಲ, ಹೋಗೋದೂ ಇಲ್ಲವೇನೋ. ಮುಂದೆ ಬೇರೆ ನಾಳ ಸೋರಬಹುದು ಅಂತಲೂ ಹೇಳಿದಾರೆ. ಹಾಗಾಗಿ ಈಗ ಅರ್ಧ ಗಂಟೆಗೊಮ್ಮೆ ಎದ್ದು ನಡೀತೀನಿ. ನಿಂತಿರಲೇಬೇಕಾದ ಮೀಟಿಂಗಲ್ಲಿ ಹಿಮ್ಮಡಿ ಎತ್ತಿ ಇಳಿಸ್ತೀನಿ. ಸಂಜೆ ಕಾಲು ಗಂಟೆ ಮಲಗಿ ಕಾಲನ್ನ ಎದೆಯ ಮಟ್ಟಕ್ಕಿಂತ ಮೇಲೆ ಇಡ್ತೀನಿ. ಆ ಚರ್ಮಕ್ಕೆ ದಿನಾ ವಾಸನೆ ಇಲ್ಲದ ಮಾಯಿಶ್ಚರೈಸರ್.

ಯಾವಾಗ ಕಾಯಬಾರದು

ಬರೀ ನಾಳ ಕಾಣ್ತಿದೆ, ನೋವಿಲ್ಲ, ಚರ್ಮ ಸರಿ ಇದೆ ಅಂದ್ರೆ ಅವಸರ ಇಲ್ಲ. ಗಿಣ್ಣಿನ ಮೇಲೆ ಕಂದು ಬಣ್ಣ, ಕೆರೆತ, ಗಟ್ಟಿತನ, ಬಿಳಿ ಮಚ್ಚೆ ಕಂಡ್ರೆ ಕೆಲವು ವಾರಗಳೊಳಗೆ ತೋರಿಸಿ. ಮಂಡಿ ಕೆಳಗಿನ ಗಾಯ ಎರಡು ವಾರವಾದ್ರೂ ಮಾಗದಿದ್ರೆ, ಅಥವಾ ನಾಳದ ಉದ್ದಕ್ಕೂ ಕೆಂಪಾಗಿ ದಾರದ ಹಾಗೆ ಗಟ್ಟಿಯಾಗಿ ನೋವಿದ್ರೆ ತಡ ಮಾಡಬೇಡಿ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವು ಬಂದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರಾಟಕ್ಕೆ ತೊಂದರೆ ಅಥವಾ ಎದೆನೋವು ಇದ್ರೆ ಒಂದು ನಿಮಿಷವೂ ಕಾಯಬೇಡಿ. ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದ್ರೆ ನಿಂತು ನೋಡ್ತಾ ಇರಬೇಡಿ. ತಕ್ಷಣ ಮಲಗಿ, ಕಾಲು ಮೇಲೆತ್ತಿ, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಗಟ್ಟಿಯಾಗಿ ಒತ್ತಿ. ಮೇಲೆ ಹಗ್ಗ ಕಟ್ಟಬೇಡಿ. ನಿಲ್ಲದಿದ್ರೆ ಆಂಬ್ಯುಲೆನ್ಸ್ ಕರೆಸಿ. ನಿಂತ್ರೂ ಡಾಕ್ಟರ್‌ಗೆ ತೋರಿಸಿ.

ಇವತ್ತು ರಾತ್ರಿ ಸಾಕ್ಸ್ ತೆಗೆದಾಗ ಬೆಳಕಲ್ಲಿ ಗಿಣ್ಣಿನ ಒಳಬದಿ ಒಮ್ಮೆ ನೋಡ್ಕೊಳ್ಳಿ. ಊರಿಗೆ ಹೋದಾಗ ಅಪ್ಪ-ಅಮ್ಮನ ಕಾಲೂ ನೋಡಿ. ಇದು ಮನೆತನದಲ್ಲಿ ಬರೋದು. ಅಮ್ಮನ ಆ ಎಂಟು ತಿಂಗಳು ಸರಿಯಾಗಿ ಕೇಳಿ ತಿಳ್ಕೊಂಡಿದ್ರೆ, ನನ್ನ ಮೂರು ತಿಂಗಳು ಉಳೀತಿತ್ತು.