ಇಸಬ್‌ಗೋಲ್ ಎಷ್ಟು ಗ್ರಾಂ, ಕೊಲೆಸ್ಟ್ರಾಲ್ ಎಷ್ಟು ಅಂಕ?

ವಾರ್ಷಿಕ ತಪಾಸಣೆಯ ವರದಿಯಲ್ಲಿ ಎಲ್‌ಡಿಎಲ್ ಎದುರು 142 ಎಂದು ಬಂದರೆ ಹೆಚ್ಚಿನವರು ಮೊದಲು ಕೇಳುವುದು, ‘ಮಾತ್ರೆ ಇಲ್ಲದೆ ಇಳಿಸಬಹುದೇ?’ ಎಂದು. ಆಗ ಮೆಡಿಕಲ್ ಶಾಪಿನಲ್ಲಿ ಎರಡು ಬಗೆಯ ಡಬ್ಬಿಗಳು ಕಣ್ಣಿಗೆ ಬೀಳುತ್ತವೆ. ಒಂದು ಇಸಬ್‌ಗೋಲ್, ಅಂದರೆ ಕರಗುವ ನಾರು. ಇನ್ನೊಂದು ‘ಪ್ಲಾಂಟ್ ಸ್ಟೆರಾಲ್’ ಎಂದು ಬರೆದ ಕ್ಯಾಪ್ಸೂಲು. ಎರಡೂ ಎಲ್‌ಡಿಎಲ್ ಇಳಿಸುತ್ತವೆ ಎಂಬುದಕ್ಕೆ ಹಲವು ದಶಕಗಳ ಅಧ್ಯಯನಗಳ ಆಧಾರವಿದೆ. ಆದರೆ ಎಷ್ಟು ತೆಗೆದುಕೊಂಡರೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ತಿಳಿಯದೆ ಕೊಂಡವರಿಗೆ ದುಡ್ಡೂ ದಂಡ, ಕಾಲವೂ ದಂಡ.

ಮನೆಮನೆಯಲ್ಲೂ ಗೊತ್ತಿರುವ ಇಸಬ್‌ಗೋಲಿನಿಂದಲೇ ಶುರು ಮಾಡೋಣ. ಗುಜರಾತ್, ರಾಜಸ್ಥಾನದ ಒಣನೆಲದಲ್ಲಿ ಬೆಳೆಯುವ ಒಂದು ಗಿಡದ ಬೀಜದ ಮೇಲಿನ ಹೊಟ್ಟು ಇದು. ನೀರು ಬಿದ್ದ ಕೂಡಲೇ ಉಬ್ಬಿ ಲೋಳೆಯಾಗುತ್ತದೆ. ಕೊಲೆಸ್ಟ್ರಾಲ್ ಇಳಿಸುವುದು ಆ ಲೋಳೆಯೇ. ಜಿಡ್ಡು ಜೀರ್ಣವಾಗಲೆಂದು ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತಾಮ್ಲಗಳನ್ನು ತಯಾರಿಸಿ ಕರುಳಿಗೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಅವುಗಳಲ್ಲಿ ಬಹುಪಾಲು ಮತ್ತೆ ಹೀರಿಕೊಂಡು ಯಕೃತ್ತಿಗೇ ಮರಳುತ್ತವೆ. ಲೋಳೆ ನಡುವೆ ಬಂದರೆ ಒಂದಿಷ್ಟು ಪಿತ್ತಾಮ್ಲ ಅದರಲ್ಲಿ ಸಿಕ್ಕಿ ಮಲದ ಜೊತೆ ಹೊರಗೆ ಹೋಗುತ್ತದೆ. ಆ ಕೊರತೆ ತುಂಬಿಕೊಳ್ಳಲು ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಸೆಳೆದುಕೊಳ್ಳುತ್ತದೆ. ವರದಿಯಲ್ಲಿ ಅಂಕಿ ಇಳಿಯುವುದು ಹೀಗೆ.

ಹಾಗಾಗಿ ‘ನಾರು’ ಎಂದು ಬರೆದದ್ದೆಲ್ಲ ಈ ಕೆಲಸಕ್ಕೆ ಬರುವುದಿಲ್ಲ. ಗೋಧಿ ತವುಡು ಮಲಬದ್ಧತೆಗೆ ಒಳ್ಳೆಯದು, ಆದರೆ ಲೋಳೆ ಕಟ್ಟುವುದಿಲ್ಲ. ರಾಗಿಯ ನಾರಿನಲ್ಲೂ ಹೆಚ್ಚಿನ ಪಾಲು ನೀರಿನಲ್ಲಿ ಕರಗದ ಬಗೆಯದು. ರಾಗಿಮುದ್ದೆ ಉಣ್ಣಲು ಬೇರೆ ಕಾರಣಗಳು ಬೇಕಾದಷ್ಟಿವೆ, ಎಲ್‌ಡಿಎಲ್ ಇಳಿಸುವುದು ಅವುಗಳಲ್ಲಿ ದೊಡ್ಡದಲ್ಲ. ಇನ್ಯುಲಿನ್ ಅಥವಾ ಗೋಧಿಯ ಡೆಕ್ಸ್‌ಟ್ರಿನ್ ಇರುವ, ನೀರಿನಲ್ಲಿ ಕಾಣದಂತೆ ಕರಗಿಹೋಗುವ ಪುಡಿಗಳೂ ಹಾಗೆಯೇ. ಕುಡಿಯಲು ಹಿತ, ಕೊಲೆಸ್ಟ್ರಾಲಿನ ಮಟ್ಟಿಗೆ ನಿರುಪಯೋಗಿ. ಲೋಳೆ ಕಟ್ಟುವ ನಾರುಗಳಲ್ಲಿ ಚೆನ್ನಾಗಿ ಪರೀಕ್ಷೆಗೆ ಒಳಪಟ್ಟವು ಇಸಬ್‌ಗೋಲ್ ಮತ್ತು ಓಟ್ಸ್, ಬಾರ್ಲಿಗಳಲ್ಲಿರುವ ಬೀಟಾ ಗ್ಲುಕಾನ್. ಬೀಟಾ ಗ್ಲುಕಾನ್ ದಿನಕ್ಕೆ 3 ಗ್ರಾಂ ಬೇಕು. ಅದು ಸಿಗಲು 75-80 ಗ್ರಾಂ ಒಣ ಓಟ್ಸ್ ತಿನ್ನಬೇಕು. ದಿನಾ ಇಡ್ಲಿ, ಉಪ್ಪಿಟ್ಟು, ರೊಟ್ಟಿ ತಿನ್ನುವ ಮನೆಗಳಲ್ಲಿ ಅಷ್ಟು ಓಟ್ಸ್ ಬಹಳ ದಿನ ನಡೆಯುವುದಿಲ್ಲ. ನಮಗೆ ಇಸಬ್‌ಗೋಲೇ ಸುಲಭ.

ಎಡವುವುದು ಅಳತೆಯಲ್ಲಿ. ಎಲ್‌ಡಿಎಲ್ ಇಳಿಯಲು ದಿನಕ್ಕೆ ಸುಮಾರು 10 ಗ್ರಾಂ ಇಸಬ್‌ಗೋಲ್ ಹೊಟ್ಟು ಬೇಕು. ಅದರಲ್ಲಿ ಕರಗುವ ನಾರು ಸುಮಾರು 7 ಗ್ರಾಂ. ಹೊಟ್ಟು ತುಂಬ ಹಗುರ. ಮಟ್ಟ ಮಾಡಿದ ಒಂದು ಟೀ ಚಮಚದಲ್ಲಿ ಹಿಡಿಯುವುದು ಎರಡು ಗ್ರಾಂ ಆಸುಪಾಸು ಮಾತ್ರ. ಮಲಬದ್ಧತೆಗೆಂದು ರಾತ್ರಿ ಒಂದು ಚಮಚ ಕಲಕಿ ಕುಡಿಯುವವರು ‘ವರ್ಷಗಳಿಂದ ತಗೋತಿದ್ದೀನಿ, ಕೊಲೆಸ್ಟ್ರಾಲ್ ಇಳಿದೇ ಇಲ್ಲ’ ಎನ್ನುವುದಕ್ಕೆ ಕಾರಣ ಇದೇ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಒಮ್ಮೆ ತೂಗಿ, ನಿಮ್ಮ ಚಮಚಕ್ಕೆ ಎಷ್ಟು ಬರುತ್ತದೆ ಎಂದು ತಿಳಿದುಕೊಳ್ಳಿ. ಅರ್ಧ ಅರ್ಧ ಗ್ರಾಂ ಇರುವ ಇಸಬ್‌ಗೋಲ್ ಕ್ಯಾಪ್ಸೂಲುಗಳಾದರೆ ದಿನಕ್ಕೆ ಇಪ್ಪತ್ತು ನುಂಗಬೇಕಾದೀತು, ಅದಕ್ಕಿಂತ ಪುಡಿಯೇ ವಾಸಿ.

ಮೊದಲ ದಿನವೇ 10 ಗ್ರಾಂ ಕುಡಿದರೆ ಹೊಟ್ಟೆ ಉಬ್ಬರಿಸಿ, ಮೂರನೇ ದಿನಕ್ಕೆ ಡಬ್ಬಿ ಮೂಲೆ ಸೇರುತ್ತದೆ. ಒಂದು ಚಮಚದಿಂದ ಆರಂಭಿಸಿ, ಎರಡು ವಾರದಲ್ಲಿ ಮೆಲ್ಲಗೆ ಏರಿಸಿ, ದಿನದ ಪಾಲನ್ನು ಎರಡು ಮೂರು ಊಟಗಳಿಗೆ ಹಂಚಿಕೊಳ್ಳಬೇಕು. ಪ್ರತಿ ಸಲವೂ ಒಂದು ದೊಡ್ಡ ಲೋಟ ನೀರು ಕಡ್ಡಾಯ. ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿದರೆ ಅದು ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ತೊಂದರೆ ಇರುವ ಹಿರಿಯರಿಗೆ, ಕರುಳು ಕಟ್ಟಿಕೊಂಡ ಇತಿಹಾಸ ಇರುವವರಿಗೆ ಇದನ್ನು ಕೊಡಬಾರದು. ಇದೇ ಲೋಳೆ ಕೆಲವು ಔಷಧಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಥೈರಾಯ್ಡ್ ಮಾತ್ರೆ ನುಂಗಿದ ಬೆನ್ನಿಗೇ ಇಸಬ್‌ಗೋಲ್ ಕುಡಿದರೆ ಮಾತ್ರೆ ಪೂರ್ತಿ ರಕ್ತಕ್ಕೆ ಸೇರದೆ ಹೋಗಬಹುದು. ನಡುವೆ ಒಂದೆರಡು ಗಂಟೆಯಾದರೂ ಅಂತರ ಇರಲಿ.

ಇನ್ನು ಸಸ್ಯ ಸ್ಟೆರಾಲ್. ಪ್ರಾಣಿಗಳ ದೇಹದಲ್ಲಿ ಕೊಲೆಸ್ಟ್ರಾಲ್ ಇರುವ ಜಾಗದಲ್ಲಿ ಗಿಡಗಳಲ್ಲಿ ಇರುವುದು ಇದು. ಎಣ್ಣೆ, ಕಡಲೆಬೀಜ, ಬೇಳೆಕಾಳುಗಳಿಂದ ದಿನಕ್ಕೆ 200ರಿಂದ 400 ಮಿಲಿಗ್ರಾಂ ಹೇಗೂ ನಮ್ಮ ಹೊಟ್ಟೆ ಸೇರುತ್ತದೆ. ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯಾಗಬೇಕಾದರೆ ಪಿತ್ತರಸದ ಸಣ್ಣ ಸಣ್ಣ ಹನಿಗಳೊಳಗೆ ಅದಕ್ಕೆ ಜಾಗ ಸಿಗಬೇಕು. ಆಕಾರದಲ್ಲಿ ಅದನ್ನೇ ಹೋಲುವ ಸ್ಟೆರಾಲ್, ಬಸ್ಸಿಗೆ ಮೊದಲೇ ಹತ್ತಿ ಸೀಟು ಹಿಡಿದವರ ಹಾಗೆ, ಆ ಜಾಗ ಹಿಡಿದುಬಿಡುತ್ತದೆ. ಹಾಗೆ ಒಳಗೆ ಹೋದ ಸ್ಟೆರಾಲನ್ನು ಕರುಳಿನ ಕೋಶಗಳು ಬಹುಪಾಲು ವಾಪಸು ಹೊರಗೆ ತಳ್ಳುತ್ತವೆ. ಜಾಗ ಸಿಗದ ಕೊಲೆಸ್ಟ್ರಾಲ್ ಮಲದಲ್ಲಿ ಹೋಗುತ್ತದೆ.

ಇದು ಹೊಸ ಸಂಶೋಧನೆಯಲ್ಲ. 1950ರ ದಶಕದಲ್ಲೇ ಅಮೆರಿಕದ ಎಲೈ ಲಿಲ್ಲಿ ಕಂಪನಿ ‘ಸೈಟೆಲಿನ್’ ಎಂಬ ಹೆಸರಿನಲ್ಲಿ ಸ್ಟೆರಾಲನ್ನು ಔಷಧವಾಗಿ ಮಾರಿತ್ತು. ಆದರೆ ಶುದ್ಧ ಸ್ಟೆರಾಲ್ ಹರಳು ಹರಳಾಗಿರುತ್ತದೆ, ನೀರಲ್ಲೂ ಎಣ್ಣೆಯಲ್ಲೂ ಸರಿಯಾಗಿ ಕರಗುವುದಿಲ್ಲ. ಹಾಗಾಗಿ ದಿನಕ್ಕೆ ಹತ್ತಾರು ಗ್ರಾಂ ಕುಡಿಯಬೇಕಿತ್ತು. ದಾರಿ ಸಿಕ್ಕಿದ್ದು ಫಿನ್ಲೆಂಡಿನಲ್ಲಿ. ಸ್ಟೆರಾಲಿನ ಹತ್ತಿರದ ಸಂಬಂಧಿಯಾದ ಸ್ಟ್ಯಾನಾಲನ್ನು ಕೊಬ್ಬಿನಾಮ್ಲದ ಜೊತೆ ಬೆಸೆದು ಎಸ್ಟರ್ ಮಾಡಿದರೆ ಅದು ಜಿಡ್ಡಿನಲ್ಲಿ ಸಲೀಸಾಗಿ ಕರಗುತ್ತದೆ. ಹೃದಯಾಘಾತಕ್ಕೆ ಕುಖ್ಯಾತವಾಗಿದ್ದ ಉತ್ತರ ಕರೇಲಿಯಾ ಪ್ರಾಂತ್ಯದ 153 ಜನರ ಮೇಲೆ ಮಿಯೆಟ್ಟಿನೆನ್ ಮತ್ತವರ ಸಂಗಡಿಗರು ಒಂದು ವರ್ಷ ಇಂಥ ಮಾರ್ಗರೀನಿನ ಪ್ರಯೋಗ ಮಾಡಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಎರಡು ಗ್ರಾಂ ಆಸುಪಾಸಿನಲ್ಲೇ ಎಲ್‌ಡಿಎಲ್ ಗಣನೀಯವಾಗಿ ಇಳಿದಿತ್ತು. ಅದೇ ವರ್ಷ ‘ಬೆನೆಕಾಲ್’ ಮಾರ್ಗರೀನು ಅಲ್ಲಿನ ಅಂಗಡಿಗೆ ಬಂತು.

ಅಂದಿನಿಂದ ಆಗಿರುವ ಅನೇಕ ಪ್ರಯೋಗಗಳನ್ನು ಒಟ್ಟಿಗೆ ನೋಡಿದರೆ ದಿನಕ್ಕೆ 2 ಗ್ರಾಂ ಸ್ಟೆರಾಲ್ ಅಥವಾ ಸ್ಟ್ಯಾನಾಲಿನಿಂದ ಎಲ್‌ಡಿಎಲ್ ಶೇ 8ರಿಂದ 10ರಷ್ಟು ಇಳಿಯುತ್ತದೆ. ಮೂರು ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಮೂರು ಎಚ್ಚರ ಬೇಕು. ಒಂದು, ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು ಅರ್ಧ ಗ್ರಾಂ ಆಸುಪಾಸು, ದಿನಕ್ಕೊಂದು ನುಂಗಿದರೆ ಏನೂ ಆಗುವುದಿಲ್ಲ. ಎರಡು, ಲೇಬಲ್ಲಿನ ಮೇಲಿನ ಅಂಕಿ ಎಸ್ಟರಿನದೋ ಸ್ಟೆರಾಲಿನದೋ ನೋಡಬೇಕು. ಒಂದು ಗ್ರಾಂ ಸ್ಟೆರಾಲಿಗೆ ಸುಮಾರು 1.6 ಗ್ರಾಂ ಎಸ್ಟರ್ ಬೇಕು. ಮೂರು, ಊಟದ ಜೊತೆಯೇ ತೆಗೆದುಕೊಳ್ಳಬೇಕು. ಪಿತ್ತರಸ ಹರಿಯುವುದು ಜಿಡ್ಡಿನ ಆಹಾರ ಬಿದ್ದಾಗ. ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗಿದ್ದು ಹೆಚ್ಚು ಕಡಿಮೆ ವ್ಯರ್ಥ.

ಈಗ ನಮ್ಮ 142ಕ್ಕೆ ಬರೋಣ. ನಲವತ್ತೈದರ ಆಸುಪಾಸಿನ ಮಹಿಳೆ ಎಂದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆ, ಬಿಪಿ ಇಲ್ಲ, ಮನೆಯಲ್ಲಿ ಯಾರಿಗೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿಲ್ಲ, ಥೈರಾಯ್ಡ್ ಸರಿಯಿದೆ. ಈ ಕೊನೆಯದನ್ನು ಮೊದಲೇ ನೋಡಿಸುವುದು ಮುಖ್ಯ, ಥೈರಾಯ್ಡ್ ಕುಂದಿದರೆ ಎಲ್‌ಡಿಎಲ್ ತಾನಾಗಿ ಏರುತ್ತದೆ. 10 ಗ್ರಾಂ ಇಸಬ್‌ಗೋಲಿನಿಂದ ಶೇ 7 ಇಳಿಯಿತೆಂದರೆ 142 ಹೋಗಿ 132. ಅದರ ಮೇಲೆ 2 ಗ್ರಾಂ ಸ್ಟೆರಾಲಿನಿಂದ ಶೇ 9 ಇಳಿದರೆ 120. ಎರಡೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಒಂದರ ಮೇಲೊಂದು ಕೂಡುತ್ತವೆ. ಇಪ್ಪತ್ತೆರಡು ಅಂಕದ ಇಳಿಕೆ ಇವರಿಗೆ ಬೆಲೆಯುಳ್ಳದ್ದೇ. ತುಪ್ಪ, ಬೆಣ್ಣೆ, ತೆಂಗಿನೆಣ್ಣೆ, ಬೇಕರಿ ತಿಂಡಿ ಕಡಿಮೆ ಮಾಡಿದರೆ ಇನ್ನಷ್ಟು ಇಳಿಯಬಹುದು.

ಎರಡನೆಯವರು ಸ್ಟ್ಯಾಟಿನ್ ನುಂಗುತ್ತಿರುವ ಸಕ್ಕರೆ ಕಾಯಿಲೆಯವರು. ಎಲ್‌ಡಿಎಲ್ 108ಕ್ಕೆ ನಿಂತಿದೆ, ವೈದ್ಯರು 100ರ ಕೆಳಗೆ ಬೇಕೆನ್ನುತ್ತಾರೆ. ಸ್ಟ್ಯಾಟಿನ್ ಪ್ರಮಾಣ ದುಪ್ಪಟ್ಟು ಮಾಡಿದರೆ ಹೆಚ್ಚುವರಿಯಾಗಿ ಇಳಿಯುವುದು ಶೇ 6ರಷ್ಟು ಮಾತ್ರ. ಸರಿಯಾದ ಅಳತೆಯ ಇಸಬ್‌ಗೋಲಿನಿಂದಲೂ ಅಷ್ಟೇ ಇಳಿಯುತ್ತದೆ, ಊಟದ ನಂತರದ ಸಕ್ಕರೆಯ ಏರಿಕೆಯೂ ತುಸು ತಗ್ಗುತ್ತದೆ. ಸಿಹಿ ಬೆರೆಸದ ಬರಿಯ ಹೊಟ್ಟನ್ನೇ ಕೊಳ್ಳಬೇಕು ಅಷ್ಟೆ. ಇಸಬ್‌ಗೋಲಿನಿಂದ ಅತಿ ಹೆಚ್ಚು ಪ್ರಯೋಜನ ಇಂಥವರಿಗೇ ಎಂಬುದು ನನ್ನ ಅಭಿಪ್ರಾಯ.

ಮೂರನೆಯವರ ಎಲ್‌ಡಿಎಲ್ 210, ತಂದೆಗೆ ನಲವತ್ತೆಂಟಕ್ಕೇ ಹೃದಯಾಘಾತ. ಅದೇ ಲೆಕ್ಕ ಹಾಕಿ ನೋಡಿ, ಎರಡೂ ತೆಗೆದುಕೊಂಡರೂ 178ರ ಹತ್ತಿರ ನಿಲ್ಲುತ್ತದೆ. ಇದು ವಂಶದಲ್ಲೇ ಬಂದ ಅಧಿಕ ಕೊಲೆಸ್ಟ್ರಾಲ್ ಇರಬಹುದು, ಇವರಿಗೆ ಸ್ಟ್ಯಾಟಿನ್ ಬೇಕೇ ಬೇಕು. ಹೃದಯಾಘಾತ ಆಗಿ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಬಿಟ್ಟು ಕ್ಯಾಪ್ಸೂಲಿಗೆ ಬದಲಾದರೆ ಪ್ರಾಣಕ್ಕೇ ಸಂಚಕಾರ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನವರು 2022ರಲ್ಲಿ ಪ್ರಕಟಿಸಿದ ನಾಲ್ಕು ವಾರದ ಪ್ರಯೋಗದಲ್ಲಿ ಬರೀ 5 ಮಿಲಿಗ್ರಾಂ ರೋಸುವಾಸ್ಟ್ಯಾಟಿನ್ ಎಲ್‌ಡಿಎಲನ್ನು ಶೇ 38ರಷ್ಟು ಇಳಿಸಿತು. ಸ್ಟೆರಾಲ್ ಸೇರಿದಂತೆ ಅಲ್ಲಿ ಪರೀಕ್ಷಿಸಿದ ಆರು ಪೂರಕಗಳಲ್ಲಿ ಒಂದೂ ಹುಸಿಮಾತ್ರೆಗಿಂತ ಖಚಿತವಾಗಿ ಮೇಲಾಗಲಿಲ್ಲ. ಟ್ರೈಗ್ಲಿಸರೈಡ್ ಹೆಚ್ಚಿ ಎಚ್‌ಡಿಎಲ್ ಕಡಿಮೆ ಇರುವ, ನಮ್ಮಲ್ಲಿ ಬಹಳ ಕಾಣುವ ತೊಂದರೆಗೂ ಇವೆರಡರಿಂದ ಹೆಚ್ಚಿನ ಉಪಕಾರ ಇಲ್ಲ.

ಸ್ಟೆರಾಲಿನ ಬಗ್ಗೆ ಇನ್ನೊಂದು ಮಾತು. ಸ್ಟ್ಯಾಟಿನ್ ಹೃದಯಾಘಾತವನ್ನೇ ಕಡಿಮೆ ಮಾಡುತ್ತದೆ ಎಂದು ದೊಡ್ಡ ಪ್ರಯೋಗಗಳು ತೋರಿಸಿವೆ. ಸ್ಟೆರಾಲ್ ಅಂಕಿ ಇಳಿಸುತ್ತದೆ, ಹೃದಯಾಘಾತ ತಪ್ಪಿಸುತ್ತದೆ ಎಂದು ತೋರಿಸಿದ ಅಂಥ ಪ್ರಯೋಗ ಇಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಇದನ್ನು ಶಿಫಾರಸು ಮಾಡದಿರುವುದು ಈ ಕಾರಣಕ್ಕೇ. ‘ಸೈಟೋಸ್ಟೆರೋಲೀಮಿಯ’ ಎಂಬ ಅಪರೂಪದ ವಂಶವಾಹಿ ಕಾಯಿಲೆಯಲ್ಲಿ ಸ್ಟೆರಾಲನ್ನು ಹೊರತಳ್ಳುವ ವ್ಯವಸ್ಥೆಯೇ ಕೆಟ್ಟಿರುತ್ತದೆ, ಅವರು ಇದನ್ನು ಮುಟ್ಟಲೇಬಾರದು. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಬೇಡ. ಬೀಟಾ ಕ್ಯಾರೊಟಿನ್ ಹೀರಿಕೆ ಸ್ವಲ್ಪ ಕುಗ್ಗುವುದರಿಂದ ತೆಗೆದುಕೊಳ್ಳುವವರು ಕ್ಯಾರೆಟ್, ಸೊಪ್ಪು, ಪಪ್ಪಾಯಿ ಹೆಚ್ಚು ತಿನ್ನಬೇಕು. ದುಡ್ಡು ಒಂದಕ್ಕೇ ಸಾಕಾಗುವುದಾದರೆ ಇಸಬ್‌ಗೋಲನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಕೆಲಸ ಮಾಡಿತೋ ಇಲ್ಲವೋ ತಿಳಿಯುವುದೂ ಅಷ್ಟು ಸರಳವಲ್ಲ. ಏನೂ ಬದಲಾಯಿಸದಿದ್ದರೂ ಒಬ್ಬರದೇ ಎಲ್‌ಡಿಎಲ್ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಹತ್ತು ಅಂಕ ಆಚೀಚೆ ಆಗುವುದುಂಟು, ಇಸಬ್‌ಗೋಲಿನ ಇಳಿಕೆಯೂ ಅಷ್ಟೇ. ಹಾಗಾಗಿ ಶುರು ಮಾಡುವ ಮುಂಚೆ ವಾರದ ಅಂತರದಲ್ಲಿ ಎರಡು ಸಲ, ಪೂರ್ತಿ ಅಳತೆಗೆ ಬಂದು ಆರೆಂಟು ವಾರವಾದ ಮೇಲೆ ಮತ್ತೆ ಎರಡು ಸಲ, ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಸರಾಸರಿ ಹೋಲಿಸಿ. ಜ್ವರ ಬಂದು ಹೋದ ಬೆನ್ನಿಗೆ ಮಾಡಿಸಬೇಡಿ. ಸರಾಸರಿಯಲ್ಲಿ ಇಳಿಕೆ ಕಾಣದಿದ್ದರೆ ಮೊದಲು ಅಳತೆ ಸರಿಯಿತ್ತೇ ನೋಡಿಕೊಳ್ಳಿ. ಅದು ಸರಿಯಿದ್ದೂ ಇಳಿದಿಲ್ಲವೆಂದರೆ ಡಬ್ಬಿಗೆ ದುಡ್ಡು ಹಾಕುವುದು ನಿಲ್ಲಿಸಿ, ನಾಲ್ಕೂ ವರದಿಗಳನ್ನು ಹಿಡಿದು ವೈದ್ಯರ ಬಳಿ ಹೋಗಿ.