ರಾತ್ರಿಯ ಬೆಳಕಿನಲ್ಲಿ ಗೋಡೆಯ ಬಣ್ಣ, ಸೀರೆಯ ಬಣ್ಣ

ವಾರ್ಮ್ ವೈಟ್ ಎಂದು ಮಾರುವ ಎಲ್‌ಇಡಿ ಬಲ್ಬಿನ ಬೆಳಕು ತುಸು ಹಳದಿ. ಕೂಲ್ ವೈಟ್ ಅಥವಾ ಕೂಲ್ ಡೇಲೈಟ್ ಬಲ್ಬಿನದು ನೀಲಿ ಛಾಯೆಯ ಬಿಳಿ. ಡಬ್ಬಿಯ ಮೇಲೆ ಮೊದಲನೆಯದಕ್ಕೆ 2700 ಅಥವಾ 3000 ಕೆಲ್ವಿನ್ ಎಂದೂ ಎರಡನೆಯದಕ್ಕೆ ಸಾಮಾನ್ಯವಾಗಿ 6500 ಕೆಲ್ವಿನ್ ಎಂದೂ ಬರೆದಿರುತ್ತದೆ. ಈ ಅಂಕಿ ಏರಿದಷ್ಟೂ ಬೆಳಕು ನೀಲಿಯತ್ತ ವಾಲುತ್ತದೆ. ಬಲ್ಬು ಎಷ್ಟು ಪ್ರಖರ ಎಂಬುದನ್ನು ಇದು ಹೇಳುವುದಿಲ್ಲ. 9 ವ್ಯಾಟಿನ ಬಲ್ಬು ಎರಡೂ ಬಗೆಯಲ್ಲಿ ಸಿಗುತ್ತದೆ.

ಎರಡರ ಒಳಗೂ ಇರುವುದು ನೀಲಿ ಬೆಳಕು ಕೊಡುವ ಪುಟ್ಟ ಚಿಪ್. ಅದರ ಮೇಲಿನ ಫಾಸ್ಫರ್ ಲೇಪ ಆ ನೀಲಿಯ ಒಂದು ಪಾಲನ್ನು ಹೀರಿಕೊಂಡು ಹಸಿರು, ಹಳದಿ, ಕೆಂಪು ಬೆಳಕಾಗಿ ಹೊರಬಿಡುತ್ತದೆ. ವಾರ್ಮ್ ಬಲ್ಬಿನಲ್ಲಿ ಈ ಲೇಪ ಹೆಚ್ಚು ನೀಲಿಯನ್ನು ಹೀರುತ್ತದೆ, ಕೆಂಪಿನ ಅಂಶವನ್ನೂ ಹೆಚ್ಚು ಕೊಡುತ್ತದೆ. ಕೂಲ್ ಬಲ್ಬಿನಲ್ಲಿ ನೀಲಿ ಧಾರಾಳವಾಗಿ ಹೊರಬರುತ್ತದೆ, ಕಡುಗೆಂಪು ಬಹಳ ಕಡಿಮೆ. ಗೋಡೆಯಾಗಲಿ ಬಟ್ಟೆಯಾಗಲಿ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಮರಳಿಸಬಲ್ಲದು. ಬಲ್ಬಿನಲ್ಲಿ ಇಲ್ಲದ ಬಣ್ಣವನ್ನು ದುಬಾರಿ ಪೇಂಟ್ ಕೂಡ ತೋರಿಸಲಾರದು.

ಕ್ರೀಮ್ ಬಣ್ಣದ ಗೋಡೆಯ ಒಂದು ಹಾಲನ್ನು ತೆಗೆದುಕೊಳ್ಳೋಣ. ಕ್ರೀಮ್ ಪೇಂಟ್ ನೀಲಿ ಬೆಳಕನ್ನು ಸ್ವಲ್ಪ ಹೀರುತ್ತದೆ, ಉಳಿದದ್ದನ್ನು ಹೆಚ್ಚುಕಡಿಮೆ ಪೂರ್ತಿ ಮರಳಿಸುತ್ತದೆ. 3000 ಕೆಲ್ವಿನ್ ಬಲ್ಬಿನಡಿ ನೀಲಿ ಮೊದಲೇ ಕಡಿಮೆ ಇರುವುದರಿಂದ ಗೋಡೆ ಹಗಲಿಗಿಂತ ಗಾಢವಾಗಿ, ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ಅದೇ ಗೋಡೆ 6500 ಕೆಲ್ವಿನ್ ಬಲ್ಬಿನಡಿ ಪೇಲವವಾಗಿ ಬರೀ ಬಿಳಿಯಂತೆ ಕಾಣುತ್ತದೆ. ನೀಲಿ ಮಿಶ್ರಿತ ಬೂದು ಬಣ್ಣದ ಪಾಡು ಇದಕ್ಕೆ ತದ್ವಿರುದ್ಧ: ಕೂಲ್ ಬೆಳಕಿನಲ್ಲಿ ಅದರ ನೀಲಿ ಎದ್ದು ಬರುತ್ತದೆ, ವಾರ್ಮ್ ಬೆಳಕಿನಲ್ಲಿ ಮಾಸಿದ ಮಣ್ಣಿನ ಬಣ್ಣದಂತಾಗುತ್ತದೆ. ಈಗ ಬಹಳ ಮನೆಗಳಿಗೆ ಬಳಿಯುತ್ತಿರುವ ಬೂದು ಗೋಡೆಗೆ ಬಲ್ಬನ್ನು ಯೋಚಿಸಿಯೇ ಹಾಕಬೇಕು.

ಒಂದೇ ಬಗೆಯ ಬೆಳಕಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಕಣ್ಣು ಅದಕ್ಕೆ ಒಗ್ಗಿಕೊಂಡು ವ್ಯತ್ಯಾಸವನ್ನು ಬಹುಪಾಲು ಮರೆಸಿಬಿಡುತ್ತದೆ. ಎರಡು ಬಗೆಯ ಬಲ್ಬುಗಳು ಒಟ್ಟಿಗೆ ಉರಿಯುವಾಗ ಕಣ್ಣಿಗೆ ಈ ಉಪಾಯ ನಡೆಯುವುದಿಲ್ಲ. ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ ವಾರ್ಮ್ ಸ್ಟ್ರಿಪ್, ನಡುವೆ ಕೂಲ್ ಪ್ಯಾನೆಲ್ ಇದ್ದರೆ ಒಂದೇ ಡಬ್ಬಿಯ ಪೇಂಟ್ ಮೇಲ್ಭಾಗದಲ್ಲಿ ಹಳದಿಯಾಗಿಯೂ ಕೆಳಗೆ ನೀಲಿಯಾಗಿಯೂ ಕಾಣುತ್ತದೆ. ಇದನ್ನು ಪೇಂಟರನ ತಪ್ಪೆಂದು ತಿಳಿಯುವವರು ಬಹಳ.

ಬಟ್ಟೆಯಲ್ಲಿ ಹೆಚ್ಚು ಮೋಸಹೋಗುವುದು ಗಾಢ ಬಣ್ಣಗಳಲ್ಲಿ. ನೇವಿ ಬ್ಲೂ ಸೀರೆ ಮರಳಿಸುವುದೇ ಸ್ವಲ್ಪ ನೀಲಿ. ವಾರ್ಮ್ ಬೆಳಕಿನಲ್ಲಿ ಅದೂ ಸಾಲದೆ ಸೀರೆ ಕಪ್ಪಾಗಿಯೇ ಕಾಣುತ್ತದೆ. ಮರೂನ್ ರೇಷ್ಮೆಗೆ ಬೇಕಾದದ್ದು ಕಡುಗೆಂಪು ಬೆಳಕು. ಸಾಧಾರಣ ಕೂಲ್ ಬಲ್ಬಿನಡಿ ಅದು ಕಳೆಗುಂದಿ ಕಂದಾಗುತ್ತದೆ. ವಾರ್ಮ್ ಬೆಳಕಿನಲ್ಲಿ ಅದೂ, ಅರಿಶಿನ ಬಣ್ಣವೂ, ಚಿನ್ನದ ಬಣ್ಣದ ಜರಿಯೂ ಮೆರುಗು ಪಡೆಯುತ್ತವೆ.

ಮ್ಯಾಚಿಂಗ್ ಬ್ಲೌಸ್ ಪೀಸಿನ ತೊಡಕು ಇನ್ನೂ ಸೂಕ್ಷ್ಮವಾದದ್ದು. ರೇಷ್ಮೆ ಸೀರೆ, ಹತ್ತಿಯ ಬ್ಲೌಸ್ ಪೀಸ್ ಬೇರೆ ಬೇರೆ ಡೈಗಳಲ್ಲಿ ಬಣ್ಣ ಕಟ್ಟಿಕೊಂಡಿರುತ್ತವೆ. ಅಂಗಡಿಯ ಬೆಳಕಿನಲ್ಲಿ ಎರಡೂ ಕಣ್ಣಿಗೆ ಒಂದೇ ಎನ್ನಿಸಿದರೂ ಬೆಳಕಿನ ಒಂದೊಂದು ಅಂಶವನ್ನು ಅವು ಮರಳಿಸುವ ಪ್ರಮಾಣ ಬೇರೆಯೇ ಇರಬಹುದು. ಬಲ್ಬು ಬದಲಾದೊಡನೆ ಆ ವ್ಯತ್ಯಾಸ ಹೊರಬೀಳುತ್ತದೆ, ಬ್ಲೌಸ್ ಒಂದು ಛಾಯೆ ಬೇರೆಯಾಗಿ ಕಾಣುತ್ತದೆ.

ಬಿಳಿ ಪಂಚೆಯ ಕಥೆಯೂ ಬೇರೆ. ಬಟ್ಟೆಗೂ ಅನೇಕ ಸೋಪಿನ ಪುಡಿಗಳಿಗೂ ಸೇರಿಸುವ ವೈಟ್ನರ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ. ಸಾಮಾನ್ಯ ಎಲ್‌ಇಡಿಯಲ್ಲಿ ಆ ಕಿರಣಗಳು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹಗಲಿನ ಥಳಕು ಯಾವ ಬಲ್ಬಿನಡಿಯೂ ಪೂರ್ತಿ ಬಾರದು.

ಕೆಲ್ವಿನ್ ಅಂಕಿ ಒಂದೇ ಇದ್ದರೂ ಎರಡು ಬಲ್ಬುಗಳು ಬಣ್ಣವನ್ನು ಒಂದೇ ಸಮ ತೋರಿಸಬೇಕೆಂದಿಲ್ಲ. ಅದನ್ನು ಅಳೆಯುವುದು ಸಿಆರ್‌ಐ ಎಂಬ ಅಂಕಿ. ಗರಿಷ್ಠ 100, ಮನೆಬಳಕೆಯ ಬಲ್ಬುಗಳಲ್ಲಿ ಸಾಮಾನ್ಯವಾಗಿ 80ರ ಆಸುಪಾಸು. ಆದರೆ ಅದು 8 ತಿಳಿ ಬಣ್ಣಗಳ ಸರಾಸರಿ. ಕಡುಗೆಂಪು ಅದರಲ್ಲಿ ಸೇರಿಲ್ಲ. ಅದಕ್ಕೆಂದೇ ಆರ್9 ಎಂಬ ಬೇರೆ ಅಂಕಿಯಿದೆ. ಬಟ್ಟೆ ಆರಿಸುವ ಕಪಾಟಿನ ಮುಂದೆ, ಕನ್ನಡಿಯ ಬಳಿ ಸಿಆರ್‌ಐ 90ಕ್ಕಿಂತ ಹೆಚ್ಚಿರುವ ಬಲ್ಬು ಹಾಕಿದರೆ ಮರೂನ್ ಸೀರೆಗೆ ನ್ಯಾಯ ಸಿಗುತ್ತದೆ.

ಪೇಂಟ್ ಆರಿಸುವಾಗ ಅಂಗಡಿಯ ಶೇಡ್ ಕಾರ್ಡನ್ನು ನಂಬಿ ಕೂರಬಾರದು. ಸ್ಯಾಂಪಲ್ ಪೇಂಟ್ ತಂದು ಎರಡು ಅಡಿ ಚೌಕದ ರಟ್ಟಿಗೆ ಎರಡು ಕೋಟ್ ಬಳಿದು, ಒಣಗಿದ ಮೇಲೆ ಗೋಡೆಗೆ ಆನಿಸಿಟ್ಟು, ಹಗಲಲ್ಲೊಮ್ಮೆ, ಕತ್ತಲಾದ ಮೇಲೆ ಆ ಕೋಣೆಯಲ್ಲಿ ಉರಿಯಲಿರುವ ಬಲ್ಬಿನಡಿಯಲ್ಲೇ ಇನ್ನೊಮ್ಮೆ ನೋಡಬೇಕು. ಮೊದಲು ಬಲ್ಬು ನಿಶ್ಚಯವಾಗಲಿ, ಆಮೇಲೆ ಪೇಂಟ್ ಕೊಳ್ಳಿ.