ಇವರು ಯಾರ ಮನೆಯವರು?

ನಮ್ಮೂರ ಯುವಕರ ಸಂಘದವರು ಮೊದಲು ಅಂಟಿಸಿದ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ‘ಈ ಫೋಟೋದಲ್ಲಿರುವವರ ಹೆಸರು ಗೊತ್ತಿದ್ದವರು ತಿಳಿಸಿ.’ ಮೇಲೆ ಹಳೆಯ ತೇರಿನ ಫೋಟೋದ ಜೆರಾಕ್ಸ್. ದೇವಸ್ಥಾನದ ಗೋಡೆಯ ಮೇಲೆ ಅದು ಹದಿನೈದು ದಿನ ಇತ್ತು. ಫೋಟೋದಲ್ಲಿದ್ದವರು 38 ಜನ. ಬಂದ ಉತ್ತರ ಏಳು, ಅದರಲ್ಲಿ ನಾಲ್ಕು ಪಟೇಲರದೇ. ಕುರ್ಚಿ ಹಾಕಿಕೊಂಡು, ಜರಿ ರುಮಾಲು ಸುತ್ತಿಕೊಂಡು ಮುಂದೆ ಕೂತ ಪಟೇಲರನ್ನು ಗುರುತಿಸಲು ಚೀಟಿ ಬೇಕಿರಲಿಲ್ಲ.

ಉಳಿದ ಮೂರು ಉತ್ತರಗಳೂ ತಕರಾರಿಗೆ ಕಾರಣವಾದವು. ‘ಎಡಗಡೆಯಿಂದ ಮೂರನೆಯವರು ನಮ್ಮ ದೊಡ್ಡಪ್ಪ’ ಎಂದು ಒಬ್ಬರು ಬರೆದಿದ್ದರು. ಯಾರ ಎಡಗಡೆ? ನೋಡುವವರದೋ, ಫೋಟೋದಲ್ಲಿ ನಿಂತವರದೋ? ಯಾವ ಸಾಲು? ಜೆರಾಕ್ಸಿನಲ್ಲಿ ಅರ್ಧ ಮುಖಗಳು ಮಸಿಯ ಮುದ್ದೆಯಾಗಿದ್ದವು. ಜನಕ್ಕೆ ನೆನಪಿಲ್ಲ ಎಂದು ಸಂಘದ ಹುಡುಗರು ಬೇಸರಪಟ್ಟರು. ನನಗೆ ಕಂಡಂತೆ ತಪ್ಪು ಚೀಟಿಯದೇ.

ಎರಡನೆಯ ಸಲ ಫೋಟೋದಿಂದಲೇ ಶುರುಮಾಡಿದೆವು. ಅದರ ಎರಡು ಪ್ರತಿಗಳು ಎರಡು ಮನೆಗಳಲ್ಲಿದ್ದವು. ಒಂದು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದು, ಅಂಚಿನಲ್ಲಿ ಬೆಳ್ಳಿಯ ಹೊಳಪು ತಿರುಗಿ ಮಾಸಿತ್ತು. ಇನ್ನೊಂದು ಮುಂದೆ ಎಂದೋ ನೆಗೆಟಿವ್‌ನಿಂದ ಮತ್ತೆ ತೆಗೆಸಿದ್ದು, ಮುಖಗಳು ಸ್ಪಷ್ಟ. ಸಂಘದವರು ಸಹಜವಾಗಿ ಸ್ಪಷ್ಟವಾದದ್ದನ್ನೇ ಆರಿಸಿಕೊಂಡಿದ್ದರು. ಆದರೆ ಅದರಲ್ಲಿ ತೇರಿನ ಮೇಲೆ ನಿಂತ ಅರ್ಚಕರ ಜನಿವಾರ ಬಲಭುಜದ ಮೇಲಿತ್ತು! ಜನಿವಾರ ಬಲಕ್ಕೆ ಬರುವುದು ಪಿತೃಕಾರ್ಯದಲ್ಲಿ, ತೇರಿನ ಮೇಲಲ್ಲ. ಆಮೇಲೆ ಗಂಡಸರ ಅಂಗಿಗಳನ್ನು ನೋಡಿದರೆ ಗುಂಡಿಪಟ್ಟಿಯೂ ಎಲ್ಲರದೂ ತಿರುವುಮುರುವು. ಪ್ರಿಂಟ್ ಹಾಕುವಾಗ ನೆಗೆಟಿವ್ ಮಗುಚಿಬಿಟ್ಟಿದ್ದರು. ಕಟ್ಟು ಹಾಕಿಸಿದ್ದ ಪ್ರತಿಯಲ್ಲಿ ಎಲ್ಲವೂ ನೆಟ್ಟಗಿತ್ತು. ಮಗುಚಿದ ಫೋಟೋ ತೋರಿಸಿ ‘ಪಟೇಲರ ಬಲಗಡೆ ನಿಲ್ಲುತ್ತಿದ್ದವರು ಯಾರು’ ಎಂದು ಕೇಳಿದರೆ ನೆನಪು ಸರಿಯಿದ್ದವರೂ ತಪ್ಪು ಹೇಳುತ್ತಾರೆ.

ಫೋಟೋವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಅದರ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ತಲೆ, ಭುಜಗಳ ಗೆರೆ ಮಾತ್ರ ಎಳೆದೆವು. ಪ್ರತಿ ತಲೆಯೊಳಗೂ ಒಂದು ನಂಬರು. ಫೋಟೋದ ಮೇಲೆಯೇ ನಂಬರು ಬರೆದರೆ ಯಾರದೋ ಹಣೆ, ಯಾರದೋ ಮೀಸೆ ಮುಚ್ಚಿಹೋಗುತ್ತದೆ. ಅದಕ್ಕೆ ಫೋಟೋ ಮೇಲೆ, ಗೆರೆಚಿತ್ರ ಕೆಳಗೆ. ಅರ್ಧ ಕಾಣುವವರಿಗೂ ನಂಬರು ಕೊಟ್ಟೆವು. ತೇರಿನ ಗಾಲಿಯ ಹಿಂದೆ ಸನ್ನೆಗೋಲು ಹಿಡಿದ ಕೈಯೊಂದೇ ಕಾಣುವ ಮನುಷ್ಯ 31. ಹೊಸ ಚೀಟಿಯಲ್ಲಿ ಬರೆದದ್ದು ಇಷ್ಟು:

‘ಇದು ನಮ್ಮೂರ ತೇರಿನ ದಿನ ತೆಗೆದ ಫೋಟೋ. ಇಸವಿ ಗೊತ್ತಿಲ್ಲ. ನಿಮಗೆ ಗುರುತು ಸಿಕ್ಕವರ ನಂಬರು, ಅವರ ಹೆಸರು, ಮನೆತನ, ಆ ದಿನ ಅವರು ಮಾಡುತ್ತಿದ್ದ ಕೆಲಸ ತಿಳಿಸಿ. ಹೆಣ್ಣುಮಕ್ಕಳಾದರೆ ಅವರದೇ ಹೆಸರು, ತವರೂರು, ಕೊಟ್ಟ ಊರು ಹೇಳಿ. ನಿಮಗೆ ಹೇಗೆ ಗೊತ್ತು ಎಂಬುದನ್ನೂ ಹೇಳಿ: ಕಣ್ಣಾರೆ ಕಂಡಿದ್ದಿರೋ, ಯಾರಾದರೂ ಹೇಳಿದ್ದೋ? ಅನುಮಾನವಿದ್ದರೆ ಅನುಮಾನ ಎಂದೇ ತಿಳಿಸಿ. ಇದೇ ತೇರಿನ ಬೇರೆ ಫೋಟೋ ಇದ್ದರೆ ಕೊಡುವುದು ಬೇಡ, ನಿಮ್ಮ ಮನೆಗೇ ಬಂದು ಪ್ರತಿ ತೆಗೆದುಕೊಳ್ಳುತ್ತೇವೆ.’

ಕೊನೆಯ ಸಾಲು ಹಾಕದಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹಿಂದೆ ಯಾರೋ ಸ್ಮರಣ ಸಂಚಿಕೆಗೆಂದು ಫೋಟೋ ಇಸಿದುಕೊಂಡು ಹೋಗಿ ಹಿಂದಿರುಗಿಸದ ಕಥೆ ನಮ್ಮೂರಲ್ಲಿ ಮನೆಗೊಂದು ಇದೆ.

ಚೀಟಿಯನ್ನು ಎಲ್ಲಿ ಅಂಟಿಸಬೇಕು ಎಂಬುದರ ಮೇಲೂ ಚರ್ಚೆಯಾಯಿತು. ಫೋಟೋದ ಬಲತುದಿಯಲ್ಲಿ ತಮಟೆ ಹಿಡಿದ ಐವರಿದ್ದಾರೆ. ಅವರನ್ನು ಮೇಲಿನ ಬೀದಿಯವರು ‘ತಮಟೆಯವರು’ ಎಂದಷ್ಟೇ ಹೇಳಿ ಮುಂದಿನ ನಂಬರಿಗೆ ಹೋಗಿದ್ದರು. ಅವರ ಮಕ್ಕಳು, ಮೊಮ್ಮಕ್ಕಳು ಓದುವ ಗೋಡೆ ದೇವಸ್ಥಾನದ್ದಲ್ಲ. ಆದ್ದರಿಂದ ಚೀಟಿ ಹಾಲಿನ ಡೇರಿ, ರೇಷನ್ ಅಂಗಡಿ, ಬಸ್ ನಿಲ್ಲುವ ಕಟ್ಟೆಗೂ ಹೋಯಿತು, ಕೇರಿಯ ಮನೆಗಳಿಗೆ ಹುಡುಗರು ಕೈಯಲ್ಲೇ ಹಿಡಿದು ಹೋದರು. ಐವರಲ್ಲಿ ನಾಲ್ವರ ಹೆಸರು ಒಂದೇ ಸಂಜೆಯಲ್ಲಿ ಸಿಕ್ಕಿತು.

ಹೆಂಗಸರ ಕಥೆ ಇನ್ನೊಂದು ಬಗೆಯದು. ಒಂಬತ್ತು ಹೆಂಗಸರಲ್ಲಿ ಏಳು ಮಂದಿ ‘ಇಂಥವರ ಹೆಂಡತಿ’, ‘ಇಂಥವರ ಸೊಸೆ’ ಎಂದೇ ದಾಖಲಾಗಿದ್ದರು. ಅವರ ಹೆಸರು ನಮ್ಮೂರಲ್ಲಿ ಸವೆದುಹೋಗಿದ್ದರೂ ತವರೂರಿನ ತಮ್ಮಂದಿರ ಮನೆಯಲ್ಲಿ ಬಳಕೆಯಲ್ಲೇ ಇತ್ತು. ಲಂಗ ದಾವಣಿಯ ಹುಡುಗಿಯರದು ಇದಕ್ಕೆ ವಿರುದ್ಧ. ಅವರು ಮದುವೆಯಾಗಿ ಹೋದ ಊರುಗಳಿಗೆ ಚೀಟಿ ಕಳಿಸಬೇಕಾಯಿತು.

ಉತ್ತರ ಬರೆದುಕೊಳ್ಳುವುದರಲ್ಲಿ ನಾವು ಹಾಕಿಕೊಂಡ ನಿಯಮ ಒಂದೇ. ಈಗಾಗಲೇ ಸಿಕ್ಕ ಹೆಸರನ್ನು ಇನ್ನೊಬ್ಬರಿಗೆ ತೋರಿಸುವ ಹಾಗಿಲ್ಲ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರೋ 12ನೇ ನಂಬರು ಶಾನುಭೋಗರ ಅಣ್ಣ ಎಂದು ಹಾಕಿದ್ದರು. ಗಂಟೆಯೊಳಗೆ ಹನ್ನೊಂದು ಜನ ‘ಹೌದು ಹೌದು’ ಎಂದರು. ಅದು ಹನ್ನೆರಡು ಸಾಕ್ಷಿಯಲ್ಲ, ಒಂದು ಸಾಕ್ಷಿ ಮತ್ತು ಹನ್ನೊಂದು ಪ್ರತಿಧ್ವನಿ. ಗುಂಪು ನೋಡದ ಇಬ್ಬರು ಮುದುಕರಿಗೆ ಬೇರೆ ಬೇರೆಯಾಗಿ, ಖಾಲಿ ಚೀಟಿ ಕೊಟ್ಟು ಕೇಳಿದೆವು. ಇಬ್ಬರೂ ಪಕ್ಕದೂರಿನ ಓಲಗದವರ ಹೆಸರು ಹೇಳಿದರು. ಒಬ್ಬರಂತೂ ‘ತುಟಿ ನೋಡಪ್ಪ, ಅದು ನಾಗಸ್ವರ ಊದಿದ ತುಟಿ’ ಎಂದುಬಿಟ್ಟರು. ಬೇರೆ ಬೇರೆಯಾಗಿ ಇಬ್ಬರು ಹೇಳಿದ್ದು ‘ಖಚಿತ’, ಒಬ್ಬರೇ ಹೇಳಿದ್ದು ‘ಇರಬಹುದು’, ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆದಿಡುವುದು.

ಇಸವಿ ಸಿಕ್ಕಿದ್ದು ಒಂದು ಮಗುವಿನಿಂದ. 22ನೇ ನಂಬರಿನ ಹೆಂಗಸಿನ ಸೆರಗು ಹಿಡಿದು ನಿಂತ 23ನ್ನು ನೋಡಿ ಒಬ್ಬ ಅಜ್ಜಿ ‘ಇವನು ನನ್ನ ತಮ್ಮ ಕಣವ್ವ, ಜವಳ ತೆಗೆಸಿಲ್ಲ ನೋಡು, ಜುಟ್ಟು ಹಂಗೇ ಅದೆ’ ಎಂದಳು. ಹುಟ್ಟಿದ್ದು ಯಾವಾಗ? ‘ವಿಕಾರಿ ಸಂವತ್ಸರದ ಶ್ರಾವಣದಾಗೆ.’ ವಿಕಾರಿ ಎಂದರೆ 1959ರ ಯುಗಾದಿಯಿಂದ 1960ರ ಯುಗಾದಿಯವರೆಗೆ, ಆದ್ದರಿಂದ ಮಗು ಹುಟ್ಟಿದ್ದು 1959ರ ಆಗಸ್ಟ್ ಸುಮಾರಿಗೆ. ನಮ್ಮೂರ ತೇರು ಮಾಘದ ಹುಣ್ಣಿಮೆಗೆ. 1960ರ ಮಾಘಕ್ಕೆ ಅದು ಆರು ತಿಂಗಳ ಕೂಸು, ಸೆರಗು ಹಿಡಿದು ನಿಲ್ಲಲಾರದು. ಆ ಮನೆಯಲ್ಲಿ ಜವಳ ಮೂರನೆಯ ವರ್ಷದಲ್ಲಿ. ಹಾಗಾಗಿ ಫೋಟೋ 1961 ಅಥವಾ 1962ರ ತೇರಿನದು. ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹುದ್ದೆ ಕಾಯ್ದೆಯ ಮೂಲಕ ಕೊನೆಗೊಂಡದ್ದು 1963ರಲ್ಲಿ. ಪಟೇಲರು ಇನ್ನೂ ಕುರ್ಚಿಯಲ್ಲಿ ಹಾಗೆ ಕೂತಿರುವುದು ಅದಕ್ಕೆ ಹೊಂದುತ್ತದೆ. ಆದರೆ ಅದೊಂದನ್ನೇ ನಂಬುವಂತಿಲ್ಲ, ಹುದ್ದೆ ಹೋದ ಮೇಲೂ ಎಷ್ಟೋ ವರ್ಷ ನಮ್ಮೂರಲ್ಲಿ ಕುರ್ಚಿ ಹೋಗಿರಲಿಲ್ಲ.

ಈಗ ಡೇರಿಯ ಗೋಡೆಯ ಮೇಲಿರುವುದು ಮೂರನೆಯ ಚೀಟಿ. ಅದರಲ್ಲಿ ಗೆರೆಚಿತ್ರದ 29 ತಲೆಗಳಿಗೆ ಬಣ್ಣ ತುಂಬಿದೆ, ಹೆಸರು ಮಾತ್ರ ಹಾಕಿಲ್ಲ, ಕೇಳುವುದು ಇನ್ನೂ ಮುಗಿದಿಲ್ಲವಲ್ಲ. ಖಾಲಿ ಉಳಿದ ಒಂಬತ್ತರಲ್ಲಿ ಐದನೆಯ ತಮಟೆಯವರು ಒಬ್ಬರು. 31ರ ಕೈಯನ್ನು ಮಾತ್ರ ಮೊನ್ನೆ ಬಡಗಿಗಳ ಮನೆಯವರೊಬ್ಬರು ಬಹಳ ಹೊತ್ತು ನೋಡಿ, ಹೆಬ್ಬೆರಳು ತುಂಡಾಗಿದೆಯೇ ಎಂದು ಕೇಳಿದರು. ದೊಡ್ಡ ಪ್ರಿಂಟ್ ತರಲು ಹುಡುಗನೊಬ್ಬ ಓಡಿದ.